ಕಾಂಪೌಂಡಿನ ಹೊರಗೆ ಉಳಿದ ಮುನ್ನೂರಿಪ್ಪತ್ತು ಜಿಬಿ

ಪರದೆಯ ಕೆಳಗೆ, ಎಡ ಮೂಲೆಯಲ್ಲಿ, ಗುಲಾಬಿ ಬಣ್ಣದ ಸಣ್ಣ ಚೌಕವೊಂದಿತ್ತು. ಅದರೊಳಗೆ ‘ಲಭ್ಯವಿರುವ ಜಾಗ’ ಎಂಬ ಅರ್ಥದ ಇಂಗ್ಲಿಷ್ ಪದಗಳು, ಅವುಗಳ ಕೆಳಗೆ ೩೨೦.೪೧ ಎಂಬ ಸಂಖ್ಯೆ. ಪಕ್ಕದ ಚೌಕದಲ್ಲಿ ಡಿಸ್ಕಿನ ಒಟ್ಟು ಅಳತೆ, ೬೦೦ ಜಿಬಿ.

ಆ ಸಂಖ್ಯೆ ಅಲ್ಲಿ ಅಷ್ಟು ದೊಡ್ಡದಾಗಿರಬಾರದಿತ್ತು. ಬಹುತೇಕ ಸೊನ್ನೆಗೆ ಇಳಿದಿರಬೇಕಿತ್ತು. ಕೋಣೆಯಲ್ಲಿದ್ದ ಇಬ್ಬರಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮೌಸ್ ಇದ್ದದ್ದು ಇನ್ನೊಬ್ಬಳ ಕೈಯಲ್ಲಿ.

“ಅಕ್ಕಾರ, ಸರಿ ಐತೇನ್ರಿ?” ಎಂದು ಅವಳು ಕೇಳಿದಳು.

“ಸರಿ ಇದೆ” ಎಂದೆ.

ಹೆಬ್ಬಾಳದ ಹತ್ತಿರದ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಒಂದು ಗೋಡೆಯಾಚೆ ಬಟ್ಟೆ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಯಾಚೆ ಸರ್ವರ್ ರೂಮು. ಹೀಗಾಗಿ ಒಂದು ಕಡೆಯಿಂದ ಬಿಸಿ, ಇನ್ನೊಂದು ಕಡೆಯಿಂದ ಚಳಿ. ನಾನು ಚಳಿಯ ಕಡೆಯ ಮೇಜನ್ನೇ ಆರಿಸಿಕೊಂಡಿದ್ದೆ, ಯಾರೂ ಅಲ್ಲಿ ಬಂದು ನಿಂತು ಹರಟುವುದಿಲ್ಲವೆಂದು. ಜಾಲಹಳ್ಳಿಯ ನಮ್ಮ ಮನೆಯಿಂದ ವರ್ತುಲ ರಸ್ತೆಯ ಬಸ್ಸು ಹಿಡಿದರೆ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ಕಿಟಕಿಯ ಪಕ್ಕ ಸುಮ್ಮನೆ ಕೂರುವುದು ನನಗೆ ಇಷ್ಟ.

ಅವಳು ಬಂದದ್ದು ಐದು ತಿಂಗಳ ಹಿಂದೆ, ಬಾಗಲಕೋಟೆ ಕಡೆಯಿಂದ. ಡಿಪ್ಲೊಮಾ ಓದಿದವಳು. ನನ್ನದು ಎಂಜಿನಿಯರಿಂಗ್ ಪದವಿ, ಒಳ್ಳೆಯ ಅಂಕಗಳ ಜೊತೆಗೆ. ಇದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಗೊತ್ತು. ಆದರೆ ಆ ಐದು ತಿಂಗಳಲ್ಲಿ ನಾನು ಎಷ್ಟು ಬಾರಿ ಮನಸ್ಸಿನಲ್ಲೇ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆಂದರೆ, ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಬಂದ ಮೊದಲ ವಾರವೇ ಅವಳಿಗೆ ಎಲ್ಲ ನರ್ಸುಗಳ ಹೆಸರು ಗೊತ್ತಿದ್ದವು. ನನಗೆ ಈಗಲೂ ನಾಲ್ಕೈದು ಜನರದು ಮಾತ್ರ ಗೊತ್ತು. ಅವಳು ಡಬ್ಬಿ ತೆರೆದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬಟ್ಟೆ ಒಗೆಯುವ ವಿಭಾಗದವರೆಲ್ಲ ನಮ್ಮ ಕೋಣೆಗೆ. ಒಮ್ಮೆ ಸ್ಕ್ಯಾನಿಂಗ್ ವಿಭಾಗದಲ್ಲಿ ಮಾನಿಟರ್ ಕೆಟ್ಟಿದೆ ಎಂದು ಕರೆ ಬಂತು. ನಾನು ಹೋದೆ. ಅಲ್ಲಿನ ಹಿರಿಯ ಟೆಕ್ನಿಷಿಯನ್ ನನ್ನ ಹೆಗಲ ಹಿಂದೆ ಕಣ್ಣುಹಾಯಿಸಿ, “ಆ ಹುಡುಗಿ ಬರ್ಲಿಲ್ವಾ?” ಎಂದರು. ಮಾನಿಟರ್ ಸರಿಮಾಡಿಕೊಟ್ಟೆ. ಕೇಬಲ್ ಸಡಿಲವಾಗಿತ್ತು, ಅಷ್ಟೇ. ಮೆಟ್ಟಿಲಿಳಿದು ಬರುವಾಗ ಎರಡು ವರ್ಷಗಳ ಲೆಕ್ಕದಲ್ಲಿ ನಾನು ಆ ವಿಭಾಗಕ್ಕೆ ಎಷ್ಟು ಸಲ ಹೋಗಿದ್ದೇನೆ ಎಂದು ಎಣಿಸಲು ನೋಡಿದೆ, ಆಗಲಿಲ್ಲ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ಸರ್ ಎನ್ನುತ್ತೇವೆ. ಚಿಕ್ಕಜಾಲದ ಕಡೆಯವರು. ಅವರ ಮನೆಯವರ ಹೊಲಗಳೆಲ್ಲ ಈಗ ಸೈಟುಗಳಾಗಿವೆ. ಒಂದೆರಡು ಕಡೆ ಅವರೇ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಕಂಪ್ಯೂಟರ್ ವಿಷಯವನ್ನೂ ಅವರು ಕಟ್ಟಡದ ಭಾಷೆಯಲ್ಲೇ ಹೇಳುವುದು. ಅವರು ನನ್ನನ್ನು ‘ಮೇಡಂ’ ಎನ್ನುತ್ತಾರೆ, ಅವಳನ್ನು ‘ಏನಮ್ಮಾ’ ಎನ್ನುತ್ತಾರೆ. ಮೊದಲು ಇದರಲ್ಲಿ ನನಗೆ ಗೌರವ ಕಾಣುತ್ತಿತ್ತು. ಅವಳು ಬಂದ ಮೇಲೆ ಬರಿಯ ದೂರ ಕಾಣತೊಡಗಿತು.

ಸರ್ ಹೋದ ವರ್ಷ ಬಂದವರು. ಬಂದ ಕೂಡಲೇ ಒಂದು ನಿಯಮ ಮಾಡಿದರು. ಯಾವ ಹೊಸ ಸರ್ವರ್ ಆದರೂ ಬಳಕೆಗೆ ಹೋಗುವ ಮೊದಲು ಅವರ ಕಣ್ಣೆದುರು ಇಪ್ಪತ್ತು ಜಿಬಿ ಬೆಳೆದು ತೋರಿಸಬೇಕು. “ಉಬ್ಬಿಸಿ ತೋರ್ಸಿ” ಎನ್ನುತ್ತಾರೆ. ಬೆಳೆಯದಿದ್ದರೆ ಬಳಕೆಗೆ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ದೊಡ್ಡ ಯಂತ್ರಗಳು ಎರಡೇ. ಅವುಗಳ ಒಳಗೆ ತಂತ್ರಾಂಶದಿಂದಲೇ ಮಾಡಿದ ಹಲವು ಯಂತ್ರಗಳು ಬಾಡಿಗೆದಾರರಂತೆ ಇರುತ್ತವೆ. ಅವುಗಳನ್ನು ಗೆಸ್ಟ್ ಎನ್ನುತ್ತೇವೆ. ಒಂದೊಂದು ಗೆಸ್ಟ್‌ಗೂ ಒಂದೊಂದು ಡಿಸ್ಕ್ ಕೊಟ್ಟು ಲಿನಕ್ಸ್ ಹಾಕುತ್ತೇವೆ. ಹಾಕುವಾಗಲೇ ಆ ಡಿಸ್ಕನ್ನು ವಿಭಾಗ ಮಾಡಬೇಕು: ವ್ಯವಸ್ಥೆಗೆ ಇಷ್ಟು, ಬದಲಾಗುತ್ತಿರುವ ಕಡತಗಳಿಗೆ ಇಷ್ಟು, ದಾಖಲೆಗಳಿಗೆ ಇಷ್ಟು ಎಂದು. ನೇರವಾಗಿ ಗೋಡೆ ಎಬ್ಬಿಸಿ ವಿಭಾಗ ಮಾಡಿದರೆ ಆಮೇಲೆ ಗೋಡೆ ಸರಿಸುವುದು ತೊಂದರೆ. ಎಲ್‌ವಿಎಂ ಎಂಬ ಪದ್ಧತಿಯಲ್ಲಿ ಮೊದಲು ಡಿಸ್ಕಿನ ಜಾಗವನ್ನೆಲ್ಲ ಒಂದು ಗುಂಪಿಗೆ ಸೇರಿಸುತ್ತೇವೆ. ಆ ಗುಂಪಿನಿಂದ ಒಂದೊಂದು ವಿಭಾಗಕ್ಕೆ ಈಗ ಬೇಕಾದಷ್ಟನ್ನೇ ಕೊಟ್ಟು, ಮಿಕ್ಕಿದ್ದನ್ನು ಯಾರಿಗೂ ಕೊಡದೆ ಗುಂಪಿನಲ್ಲೇ ಉಳಿಸಿಕೊಂಡಿರುತ್ತೇವೆ. ಮುಂದೆ ಯಾವ ವಿಭಾಗ ತುಂಬುತ್ತದೋ ಅದಕ್ಕೆ, ಸರ್ವರ್ ನಡೆಯುತ್ತಿರುವಾಗಲೇ, ಒಂದು ಆಜ್ಞೆಯಲ್ಲಿ ಕೊಡಬಹುದು. ಆಸ್ಪತ್ರೆಯಲ್ಲಿ ಯಾವುದು ಮೊದಲು ತುಂಬುತ್ತದೆಂದು ಮೊದಲೇ ಹೇಳಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಉಳಿಸಿಕೊಳ್ಳಬೇಕು.

ನಾನು ಉಳಿಸಿಕೊಂಡಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸರ್ ಬರುವ ಮೊದಲು, ನಾನೊಬ್ಬಳೇ ಕಟ್ಟಿದ ಮೊದಲ ಸರ್ವರ್ ಪ್ರಯೋಗಾಲಯದ ರಿಪೋರ್ಟುಗಳದ್ದು. ಡಿಸ್ಕ್ ೫೦೦ ಜಿಬಿ. ವಿಭಾಗ ಮಾಡುವ ಪರದೆ ಬಂದಾಗ ‘ಆಟೊಮ್ಯಾಟಿಕ್’ ಎಂಬುದನ್ನೇ ಒತ್ತಿದೆ. ಅದು ಮುಖ್ಯ ವಿಭಾಗಕ್ಕೆ, ಅಂದರೆ ರೂಟ್‌ಗೆ, ಎಪ್ಪತ್ತು ಜಿಬಿ ಕೊಟ್ಟು, ಮೆಮೊರಿ ಸಾಲದಾದಾಗ ಬಳಸುವ ಸ್ವಾಪ್‌ಗೆ ಒಂದಿಷ್ಟು ತೆಗೆದು, ಉಳಿದ ನಾನೂರಿಪ್ಪತ್ತು ಚಿಲ್ಲರೆಯನ್ನು ಹೋಮ್ ಎಂಬ ವಿಭಾಗಕ್ಕೆ ಸುರಿಯಿತು. ಹೋಮ್ ಬಳಕೆದಾರರ ಸ್ವಂತ ಕಡತಗಳಿಗೆ. ಆ ಸರ್ವರಿಗೆ ಬಳಕೆದಾರಳೆಂದರೆ ನಾನೊಬ್ಬಳೇ. ರಿಪೋರ್ಟುಗಳು ಬಂದು ಬೀಳುತ್ತಿದ್ದದ್ದು ರೂಟ್‌ನಲ್ಲಿ. ಎಂಟು ತಿಂಗಳಿಗೆ ರೂಟ್ ತುಂಬಿ ಬಂತು. ಹೋಮ್ ಖಾಲಿ, ಗುಂಪಿನಲ್ಲಿ ಉಳಿಕೆ ಸೊನ್ನೆ. ಹೋಮ್‌ನಿಂದ ಕಿತ್ತು ಕೊಡೋಣವೆಂದರೆ ಅದರ ಮೇಲಿದ್ದ ಕಡತ ವ್ಯವಸ್ಥೆ ಎಕ್ಸ್‌ಎಫ್‌ಎಸ್. ಅದು ಹಿಗ್ಗುತ್ತದೆ, ಕುಗ್ಗುವುದಿಲ್ಲ. ಹೋಮ್ ಅನ್ನೇ ಪೂರ್ತಿ ಅಳಿಸಿ ಮತ್ತೆ ಕಟ್ಟುವ ಧೈರ್ಯ ಆಗ ನನಗಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸೇವೆಯನ್ನು ನಿಲ್ಲಿಸಿ, ರಿಪೋರ್ಟುಗಳನ್ನೆಲ್ಲ ಹೋಮ್‌ನೊಳಗಿನ ಒಂದು ಫೋಲ್ಡರಿಗೆ ನಕಲು ಮಾಡಿ, ಹಳೆಯವನ್ನು ಅಳಿಸಿ, ಹಳೆಯ ವಿಳಾಸ ತೆರೆದರೆ ಹೊಸದೇ ತೆರೆಯುವಂತೆ ಆ ಫೋಲ್ಡರನ್ನು ಹಳೆಯ ಜಾಗದ ಮೇಲೆ ಹೊದಿಸಿದೆ. ಸಂರಚನೆಯ ಕಡತದಲ್ಲಿ ಒಂದು ಸಾಲು, ಅಷ್ಟೇ. ತಂತ್ರಾಂಶಕ್ಕೆ ಗೊತ್ತಾಗಲಿಲ್ಲ, ಪ್ರಯೋಗಾಲಯದವರಿಗೂ ಗೊತ್ತಾಗಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಅದಾದ ಮೇಲೆ ಶನಿವಾರಗಳಂದು, ಕೆಲಸ ಕಡಿಮೆ ಇರುವಾಗ, ಒಂದು ಖಾಲಿ ಗೆಸ್ಟ್ ಮಾಡಿ ಅದರಲ್ಲಿ ಲಿನಕ್ಸ್ ಹಾಕುತ್ತ, ಅಳಿಸುತ್ತ, ಮತ್ತೆ ಹಾಕುತ್ತ ಕೂತೆ. ಹನ್ನೊಂದು ಬಾರಿ. ಪ್ರತಿ ಬಾರಿಯೂ ಏನು ಬದಲಿಸಿದೆ, ಏನಾಯಿತು ಎಂದು ಒಂದು ಗೆರೆಪುಸ್ತಕದಲ್ಲಿ ಬರೆದಿಟ್ಟೆ. ಆರನೆಯ ಬಾರಿ ಗೊತ್ತಾದದ್ದು ಇದು: ವಿಭಾಗಗಳ ಅಳತೆಗಳನ್ನು ಕಡಿಮೆ ಮಾಡಿ ಜಾಗ ಉಳಿಸಿದೆವೆಂದು ನಾವು ತಿಳಿದುಕೊಂಡರೂ, ಅದು ಗುಂಪಿನ ಒಳಗೆ ಉಳಿಯುವುದಿಲ್ಲ. ಗುಂಪಿನ ಅಳತೆಗೆಂದು ಬೇರೆ ಒಂದು ಆಯ್ಕೆ ಇದೆ. ಅದನ್ನು ಮುಟ್ಟದಿದ್ದರೆ ‘ಆಟೊಮ್ಯಾಟಿಕ್’ ಎಂದೇ ಇರುತ್ತದೆ, ಅಂದರೆ ಗುಂಪು ತನ್ನೊಳಗಿನ ವಿಭಾಗಗಳಿಗೆ ಸರಿಹೊಂದುವಷ್ಟಕ್ಕೇ ಮುದುಡಿಕೊಳ್ಳುತ್ತದೆ. ಉಳಿದದ್ದು ಡಿಸ್ಕಿನ ಮೇಲೆ, ಗುಂಪಿನ ಹೊರಗೆ, ಯಾರದೂ ಅಲ್ಲದ ಜಾಗವಾಗಿ ಬಿದ್ದಿರುತ್ತದೆ. ಆ ಆಯ್ಕೆಯನ್ನು ‘ಆದಷ್ಟು ದೊಡ್ಡದು’ ಎಂದು ಬದಲಿಸಬೇಕು. ಆಗ ಗುಲಾಬಿ ಚೌಕದ ಸಂಖ್ಯೆ ಸೊನ್ನೆಯ ಹತ್ತಿರ ಬರುತ್ತದೆ. ಜಾಗ ಸರಿಯಾಗಿ ಉಳಿಸಿದ್ದೇವೆ ಎನ್ನುವುದಕ್ಕೆ, ಪರದೆ ‘ಜಾಗ ಉಳಿದಿಲ್ಲ’ ಎನ್ನುವುದೇ ಗುರುತು.

ಆ ಪುಸ್ತಕವನ್ನು ಮುಂದೆ ಅಚ್ಚುಕಟ್ಟಾಗಿ ಬರೆದು ಸರ್‌ಗೆ ಕೊಡಬೇಕೆಂದಿದ್ದೆ. ಇನ್ನಷ್ಟು ಪರೀಕ್ಷಿಸಬೇಕು, ಭಾಷೆ ತಿದ್ದಬೇಕು ಎಂದು ಒಂದು ವರ್ಷ ಡ್ರಾಯರಿನಲ್ಲೇ ಇತ್ತು.

ಒಂದು ಸೋಮವಾರ ಸರ್ ಬಂದು, ಸ್ಕ್ಯಾನ್ ಚಿತ್ರಗಳನ್ನು ಇಡಲು ಹೊಸ ಗೆಸ್ಟ್ ಬೇಕು, ಬುಧವಾರ ಹತ್ತು ಗಂಟೆಗೆ ಹಳೆಯ ಚಿತ್ರಗಳನ್ನು ತುಂಬಲು ಶುರುಮಾಡುತ್ತಾರೆ ಎಂದರು. ಆಮೇಲೆ ಅವಳ ಕಡೆ ತಿರುಗಿ, “ಏನಮ್ಮಾ, ಇದು ನೀನ್ ಕಟ್ಟು. ಕಟ್ಟಿದ್ ಮೇಲೆ ಎಂಗೆ ಕಟ್ದೆ ಅಂತ ಒಂದು ನೋಟ್ ಬರಿ. ಹಳೇ ಗೆಸ್ಟ್‌ಗಳ್ನೆಲ್ಲಾ ಒಂದೊಂದಾಗಿ ಬಿಚ್ಚಿ ಅದೇ ನೋಟ್ ಪ್ರಕಾರ ಮತ್ತೆ ಕಟ್ಬೇಕು. ಅದರ ಉಸ್ತುವಾರಿನೂ ನಿಂದೇ” ಎಂದರು. ನನಗೆ, “ಮೇಡಂ, ಜೊತೆಗೆ ಸ್ವಲ್ಪ ಕೂತ್ಕೊಳ್ಳಿ” ಎಂದರು.

ಅವಳು ಮುಖವರಳಿಸಿ ನನ್ನ ಕಡೆ ನೋಡಿದಳು. ನಾನು ಡ್ರಾಯರನ್ನು ಮೊಣಕಾಲಿನಿಂದ ಒತ್ತಿಹಿಡಿದು ಕೂತಿದ್ದೆ. ನೋಟ್ ಅವಳದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹಳೆಯ ಗೆಸ್ಟ್‌ಗಳನ್ನು ಬಿಚ್ಚುವಾಗ ನನ್ನ ರಿಪೋರ್ಟ್ ಸರ್ವರನ್ನೂ ಅವಳೇ ಬಿಚ್ಚುತ್ತಾಳೆ. ಆ ಹೊದಿಕೆ ಎತ್ತುತ್ತಾಳೆ. ಖಡಕ್ ರೊಟ್ಟಿ ಮುರಿಯುತ್ತ ಎಲ್ಲರೆದುರು ನಗುತ್ತಾಳೆ ಎಂದು ಆ ಕ್ಷಣ ನನಗೆ ಖಚಿತವಾಗಿತ್ತು. ಅವಳು ಹಾಗೆ ನಕ್ಕದ್ದನ್ನು ನಾನೆಂದೂ ನೋಡಿರಲಿಲ್ಲ.

ಮರುದಿನ, ಮಂಗಳವಾರ, ಊಟವಾದ ಮೇಲೆ ಅವಳು ಕೆಲಸ ಶುರುಮಾಡಿದಳು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಫೋನ್ ಹಿಡಿದು ಕೂತೆ. ಪರದೆಯಲ್ಲಿ ಮೊದಲು ತಾನಾಗಿ ಬಂದ ಪಟ್ಟಿಯಲ್ಲಿ ಹೋಮ್ ಇತ್ತು. ಅವಳು ಯೋಚಿಸಲೂ ಇಲ್ಲ, ಅದನ್ನು ಅಳಿಸಿಬಿಟ್ಟಳು.

“ಹೋಮ್ ಬ್ಯಾಡ ಅಲ್ರಿ?”

“ಯಾಕೆ ಬೇಡ?” ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು.

“ಯಾರ್ ಇರ್ತಾರ್ರಿ ಅಲ್ಲಿ? ಖಾಲಿ ಮನಿಗೆ ಅಷ್ಟು ದೊಡ್ಡ ಪಡಸಾಲಿ ಯಾಕ?”

ನನಗೆ ಎಂಟು ತಿಂಗಳು ಹಿಡಿದ ಪಾಠ ಅವಳಿಗೆ ಒಂದು ಕ್ಲಿಕ್ಕು. ಆಮೇಲೆ ರೂಟ್‌ಗೆ ಮೂವತ್ತು ಮಾಡಿದಳು. ದಿನವೂ ಬದಲಾಗುವ ಕಡತಗಳ ವಿಭಾಗವಾದ ವಾರ್‌ಗೆ ಬೇರೆಯಾಗಿ ನಲವತ್ತು, ಸ್ವಾಪ್‌ಗೆ ಎಂಟು, ಚಿತ್ರಗಳಿಗೆ ಇನ್ನೂರು. ಬೂಟ್‌ಗೆ, ಅಂದರೆ ಯಂತ್ರ ಶುರುವಾಗುವುದಕ್ಕೆ, ಬೇಕಾದ ಎರಡು ಪುಟ್ಟ ವಿಭಾಗಗಳನ್ನು ಎಲ್‌ವಿಎಂ ಹೊರಗೇ ಬಿಟ್ಟಳು. ಎಲ್ಲವೂ ನನ್ನ ಪುಸ್ತಕದಲ್ಲಿರುವಂತೆಯೇ. ಪುಸ್ತಕ ನೋಡಿದ್ದಾಳೇನೋ ಎಂದು ಕೂಡ ಅನುಮಾನಿಸಿದೆ. ಡ್ರಾಯರಿಗೆ ಬೀಗವಿದೆ, ಕೀಲಿ ನನ್ನ ಪರ್ಸಿನಲ್ಲಿದೆ.

“ಇನ್ನೂರೇ ಯಾಕ ಕೊಟ್ಟೆ ಅಂದ್ರ” ಎಂದು ಅವಳೇ ವಿವರಿಸಿದಳು, “ಈಗ ಸ್ಕ್ಯಾನಿಂಗ್‌ನವರ ಹಂತ್ಯಾಕ ಇರೋದು ನೂರಾ ನಲವತ್ತು ಅಂತ್ರಿ. ಮೇಲೆ ನಿನ್ನೆ ಹೋಗಿ ಕೇಳ್ಕೊಂಡ್ ಬಂದೆ. ಉಳಿದದ್ದು ಇಟ್ಕೊಳ್ಳೋಣ್ರಿ, ಬೇಕಾದಾಗ ಬೇಕಾದವ್ರಿಗೆ.”

ಮೇಲೆ ಹೋಗಿ ಕೇಳಿಕೊಂಡು ಬರುವುದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಆಗಲೇ ಗುಲಾಬಿ ಚೌಕದಲ್ಲಿ ೩೨೦.೪೧ ಕಂಡದ್ದು. ಗುಂಪಿನ ಆಯ್ಕೆಯನ್ನು ಅವಳು ತೆರೆದಿರಲೇ ಇಲ್ಲ. ಮುನ್ನೂರಿಪ್ಪತ್ತು ಎಂಬುದನ್ನು ನೋಡಿ ಅವಳಿಗೆ ಸಮಾಧಾನವೇ ಆಯಿತು. ಅಷ್ಟು ಉಳಿಯಿತಲ್ಲ ಎಂದು ಬೆರಳಿನಿಂದ ತೋರಿಸಿದಳು. ಸರಿ ಐತೇನ್ರಿ ಎಂದು ಕೇಳಿದಳು. ಸರಿ ಇದೆ ಎಂದೆ. ಆ ಉತ್ತರ ಕೊಡಲು ನಾನು ತಡಮಾಡಲಿಲ್ಲ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಹನ್ನೊಂದು ಶನಿವಾರಗಳು ನನ್ನವು, ಅವನ್ನು ಯಾಕೆ ಕೊಡಬೇಕು ಎಂಬ ಒಂದು ಯೋಚನೆ ಬಂದು ಹೋಯಿತು. ಅವಳು ಒಪ್ಪಿಗೆಯ ಗುಂಡಿ ಒತ್ತಿದಳು.

ನಾಲ್ಕು ಗಂಟೆಗೆ ಸರ್ ಬಂದರು. ಕುರ್ಚಿ ಎಳೆದುಕೊಂಡು, ಕೈಕಟ್ಟಿ ಕೂತರು.

“ಊಂ, ಉಬ್ಬಿಸಿ ತೋರ್ಸಮ್ಮ. ಚಿತ್ರದ್ದಕ್ಕೆ ಇಪ್ಪತ್ತು ಕೊಡು.”

ಅವಳು ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಿದಳು. ಒಂದೇ ಸಾಲಿನ ಉತ್ತರ ಬಂತು: ಜಾಗ ಸಾಲದು, ೫೧೨೦ ತುಂಡುಗಳು ಬೇಕು (ಇಪ್ಪತ್ತು ಜಿಬಿಗೆ ಅಷ್ಟು), ಇರುವುದು ೦.

“ಅಯ್ಯ!” ಎಂದಳು ಅವಳು. ಮತ್ತೊಮ್ಮೆ ಟೈಪ್ ಮಾಡಿದಳು. ಅದೇ ಉತ್ತರ. ಗುಂಪಿನ ಪಟ್ಟಿ ತೆರೆದು ನೋಡಿದಳು. ಉಳಿಕೆಯ ಅಂಕಣದಲ್ಲಿ ಸೊನ್ನೆ. “ಮುನ್ನೂರಾ ಇಪ್ಪತ್ತು ಉಳಿದಿತ್ತಲ್ರಿ ಸರ್! ನಾ ಕಣ್ಣಾರೆ ನೋಡೀನ್ರಿ!”

“ನೋಡಿದ್ದೆ ಸರಿ. ಎಲ್ಲಿಟ್ಟೆ?”

ಅವಳು ಡಿಸ್ಕಿನ ಪೂರ್ತಿ ಚಿತ್ರ ತೆರೆದಳು. ಡಿಸ್ಕು ಆರುನೂರು, ಬೂಟಿನ ಎರಡರ ನಂತರ ಗುಂಪು ಕೂತಿರುವ ಮೂರನೆಯ ತುಂಡು, ಅಂದರೆ ಪಾರ್ಟಿಷನ್ನು, ಇನ್ನೂರ ಎಪ್ಪತ್ತೆಂಟು. ಸರ್ ಮುಂದೆ ಬಾಗಿ ನೋಡಿ, ತೊಡೆ ತಟ್ಟಿ ನಕ್ಕರು.

“ಅಲ್ಲಮ್ಮಾ, ಮುಂದೆ ರೂಮ್ ಎಳ್ಕೊಳಾಕೆ ಅಂತ ಜಾಗ ಬಿಡೋದು ಸರಿ. ಕಾಂಪೌಂಡ್ ಒಳಗೆ ಬಿಡ್ಬೇಕು ಕಣಮ್ಮಾ! ನೀನು ಮನೆಗೆ ಅಂಟಿಸ್ಕೊಂಡು ಕಾಂಪೌಂಡ್ ಆಕ್ಸಿ, ಸೈಟೆಲ್ಲಾ ಆಚೆ ಬಿಟ್ಟಿದೀಯ. ನಮ್ಮೂರಲ್ಲಿ ಇಂಗೆ ಬಿಟ್ಟಿದ್ರೆ ನಾಳೆ ಬೆಳಗ್ಗೆ ಅಲ್ಲೊಂದು ಟೀ ಅಂಗ್ಡಿ ಬಂದಿರ್ತಿತ್ತು.”

ಅವಳೂ ನಗಲು ನೋಡಿದಳು. ಕಿವಿಗಳು ಕೆಂಪಾಗಿದ್ದವು. ಸರ್ ನನ್ನ ಕಡೆ ತಿರುಗಿದರು.

“ಮೇಡಂ, ನೀವು ಪಕ್ಕದಲ್ಲೇ ಇದ್ರಲ್ಲಾ. ನೋಡ್ಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: “ಅಕ್ಕಾರದ್ ಏನೂ ಇಲ್ರಿ ಸರ್. ಅವ್ರು ಫೋನ್‌ನ್ಯಾಗ ಏನೋ ಕೆಲಸ ಮಾಡಾಕತ್ತಿದ್ರು. ನಾನ ಅವಸರ ಮಾಡಿ ಒತ್ತಿಬಿಟ್ಟೆ.”

“ಗಮನಿಸಲಿಲ್ಲ ಸರ್” ಎಂದೆ ನಾನು.

ಸರ್, “ನಾಳೆ ಹತ್ತು ಗಂಟೆ ಒಳಗೆ ಸರಿಯಾಗ್ಬೇಕು. ನೋಟು ಮೇಡಂ ಬರೀಲಿ ಬಿಡು, ಅವ್ರು ನಿಧಾನಸ್ತರು. ಹಳೇವು ಬಿಚ್ಚೋ ಉಸ್ತುವಾರಿನೂ ಅವ್ರೇ ನೋಡ್ಕೊಳ್ಲಿ” ಎಂದು ಎದ್ದು ಹೋದರು.

ಬೇಕಾಗಿದ್ದದ್ದು ಸಿಕ್ಕಿತ್ತು. ನೋಟು, ಹಳೆಯ ಗೆಸ್ಟ್‌ಗಳು, ನನ್ನ ಹೊದಿಕೆಯನ್ನು ನಾನೇ ಯಾರಿಗೂ ಕಾಣದಂತೆ ಎತ್ತಿ ಮಡಚಿಡುವ ಅವಕಾಶ. ಸಂತೋಷವಾಗಬೇಕಿತ್ತು. ಸ್ವಲ್ಪ ಆಯಿತು ಕೂಡ.

ಅವಳು ಎರಡು ಲೋಟ ಟೀ ತಂದು ಒಂದನ್ನು ನನ್ನ ಮೇಜಿನ ಮೇಲಿಟ್ಟಳು. ಬೈಸಿಕೊಂಡವಳು ಅವಳು, ಟೀ ತಂದವಳೂ ಅವಳು.

“ಭಾಳ ಬೇಜಾರಾತ್ರಿ ಅಕ್ಕಾರ. ಹೋಮ್ ತೆಗೆದ ಕೂಡ್ಲೆ ಗೆದ್ದೆ ಅಂದ್ಕೊಂಡಿದ್ದೆ.”

“ಹೋಮ್ ತೆಗೆಯೋದು ಎಲ್ಲಿ ಕಲಿತ್ರಿ?” ಎಂದು ಕೇಳಿಯೇಬಿಟ್ಟೆ.

“ನಿಮ್ಮ ರಿಪೋರ್ಟ್ ಸರ್ವರ್ ನೋಡಿ ಕಲಿತೀನ್ರಿ.” ಅವಳು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು. “ಮೊದಲ್ನೇ ತಿಂಗಳ್ನಾಗ ಬ್ಯಾಕಪ್ ನೋಡಾಕ ಒಳಗ ಹೋಗಿದ್ದೆ. ಯಾರೋ ಮೊದಲಿನವ್ರು ಎಲ್ಲಾ ಹೋಮ್‌ಗೆ ಸುರುವಿ ಹೋಗಿಬಿಟ್ಟಾರ. ಅದನ್ನ ನೀವು ಎಷ್ಟ್ ಚಂದ ಸಂಭಾಳಿಸೀರಿ! ಒಂದ ಸಾಲಿನಾಗ! ನಾ ಆಗಿದ್ರ ಅಳಕೋತ ಕುಂದರ್ತಿದ್ದೆ. ಆ ಸಾಲು ನೋಡಿ ಭಾಳ ಹೊತ್ತು ವಿಚಾರ ಮಾಡಿದ್ನಿ, ಇಂಥಾದ್ದೊಂದು ಸಾಲು ಬರೆಯೋ ಪ್ರಸಂಗನ ಬರಬಾರ್ದು ಅಂದ್ರ ಏನ್ ಮಾಡ್ಬೇಕು ಅಂತ.”

ನಾನು ಟೀ ಲೋಟವನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ. ಅವಳು ನಿಜವಾಗಿಯೂ ಹಾಗೇ ತಿಳಿದಿದ್ದಳೋ, ನನ್ನ ಮುಖ ಉಳಿಸಲು ‘ಯಾರೋ ಮೊದಲಿನವರು’ ಎಂದಳೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ. ನಾಲ್ಕು ತಿಂಗಳಿಂದ ಅದನ್ನು ನೋಡಿದ್ದಳು, ಯಾರಿಗೂ ಹೇಳಿರಲಿಲ್ಲ, ರೊಟ್ಟಿ ಮುರಿಯುತ್ತ ನಕ್ಕಿರಲೂ ಇಲ್ಲ. ನನ್ನ ತಪ್ಪಿನಿಂದ ಕಲಿತು ನನಗೇ ಮೆಚ್ಚುಗೆ ಹೇಳುತ್ತಿದ್ದಳು. ಆ ಹೊತ್ತಿನಲ್ಲಿ ನನಗಾದದ್ದು ಪಶ್ಚಾತ್ತಾಪ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ಮೊದಲು ಆದದ್ದು ಇನ್ನಷ್ಟು ಹೊಟ್ಟೆಕಿಚ್ಚು. ಕೆಲಸದಲ್ಲಿ ಮುಂದೆ ಹೋಗುವುದಿರಲಿ, ಮನುಷ್ಯಳಾಗಿಯೂ ಅವಳು ಇಷ್ಟು ಸಲೀಸಾಗಿ ಮುಂದಿರಬೇಕೇ ಎಂದು.

“ಟೀಗೆ ಸಕ್ಕರೆ ಜಾಸ್ತಿಯಾಗಿದೆ” ಎಂದೆ.

“ನಾಳೆ ಕಡಿಮಿ ಹಾಕಿಸ್ತೀನ್ರಿ” ಎಂದಳು.

ಮನೆಗೆ ಹೋಗುವ ಬಸ್ಸು ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಎಂದಿನಂತೆ ನಿಂತುಬಿಟ್ಟಿತು. ಕಿಟಕಿಯ ಪಕ್ಕ ಕೂತು ಪರ್ಸಿನಲ್ಲಿದ್ದ ಡ್ರಾಯರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದೆ. ಸರಿ ಮಾಡುವುದು ಎರಡು ಆಜ್ಞೆಗಳ ಕೆಲಸ. ಮನೆಯಿಂದಲೇ ಒಳಹೊಕ್ಕು ಮಾಡಿಬಿಡಬಹುದಿತ್ತು. ಬೆಳಗ್ಗೆ ಸರ್ ಬಂದಾಗ ‘ಆಗಿದೆ’ ಎಂದರೆ ಮುಗಿಯಿತು, ನಿಧಾನಸ್ತಳೆಂಬ ಹೆಸರು ಇನ್ನಷ್ಟು ಗಟ್ಟಿ. ಬಿಇಎಲ್ ವೃತ್ತ ಬರುವವರೆಗೂ ಅದನ್ನೇ ಯೋಚಿಸಿದೆ. ಇಳಿದು ಮನೆಗೆ ನಡೆದೆ. ಅಮ್ಮ “ಯಾಕೆ ಮುಖ ಹಿಂಗಿದೆ?” ಎಂದಾಗ ಬಸ್ಸಿನಲ್ಲಿ ನಿಂತು ಬಂದೆ ಎಂದೆ. ಅದು ಆ ದಿನದ ಮೂರನೆಯ ಸುಳ್ಳು. ಲ್ಯಾಪ್‌ಟಾಪ್ ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ಏಳೂವರೆಗೆ ಆಸ್ಪತ್ರೆಯಲ್ಲಿದ್ದೆ. ಒಗೆಯುವ ಯಂತ್ರಗಳು ಇನ್ನೂ ಶುರುವಾಗಿರಲಿಲ್ಲ. ಡ್ರಾಯರಿನ ಬೀಗ ತೆಗೆದು ಪುಸ್ತಕವನ್ನು ಅವಳ ಮೇಜಿನ ಮೇಲಿಟ್ಟು, ಆರನೆಯ ಬಾರಿಯ ಪುಟ ತೆರೆದು, ಮೇಲೆ ಅವಳ ನೀರಿನ ಬಾಟಲಿ ಇಟ್ಟೆ, ಮಡಚಿಕೊಳ್ಳದಿರಲೆಂದು. ಎಂಟು ಗಂಟೆಗೆ ಅವಳು ಬಂದಳು. ನಿಂತೇ ಪುಟ ಓದಿದಳು. ‘ಆದಷ್ಟು ದೊಡ್ಡದು ಎಂದು ಬದಲಿಸಬೇಕು’ ಎಂಬ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದಿದ್ದೆ, ಒಂದು ವರ್ಷದ ಹಿಂದೆ.

“ನಿನ್ನೆ ನಾನು ಫೋನ್ ನೋಡ್ತಿರ್ಲಿಲ್ಲ” ಎಂದೆ. “ಪರದೆನೇ ನೋಡ್ತಿದ್ದೆ. ಗೊತ್ತಿದ್ದೂ ಸರಿ ಇದೆ ಅಂದೆ.”

ಅವಳು ನನ್ನನ್ನು ನೋಡಿದಳು, ಪುಸ್ತಕ ನೋಡಿದಳು, ಮತ್ತೆ ನನ್ನನ್ನು. “ಯಾಕ್ರಿ?” ಎಂದಳು.

“ಹೊಟ್ಟೆಕಿಚ್ಚು.”

ಅವಳು ನಗಲಿಲ್ಲ. ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ಪರದೆ ಬೆಳಗಿಸಿ, “ಹೇಳ್ರಿ” ಎಂದಳು.

ಹೇಳಿದೆ. ಪಾರ್ಟಿಷನ್ನನ್ನು ಡಿಸ್ಕಿನ ಕೊನೆಯವರೆಗೆ ಬೆಳೆಸುವ ಸಣ್ಣ ತಂತ್ರಾಂಶವನ್ನು ಮೊದಲು ಹಾಕಿಕೊಂಡಳು. “ಡಿಸ್ಕಿನ ಹೆಸರು ಬರೆದು, ಖಾಲಿ ಬಿಟ್ಟು, ಆಮೇಲೆ ಮೂರು. ಒಟ್ಟಿಗೆ ಬರೀಬೇಡಿ” ಎಂದೆ. ಮೂರನೆಯ ಪಾರ್ಟಿಷನ್ನೇ ಡಿಸ್ಕಿನ ಕೊನೆಯದಾಗಿದ್ದುದರಿಂದ ತಡೆಯಾಗಲಿಲ್ಲ. ಎರಡನೆಯ ಆಜ್ಞೆಯಿಂದ, ಪಾರ್ಟಿಷನ್ ದೊಡ್ಡದಾಗಿದೆ ಎಂದು ಎಲ್‌ವಿಎಂಗೆ ತಿಳಿಸಿದಳು. ಗುಂಪಿನ ಪಟ್ಟಿ ತೆರೆದಳು. ಉಳಿಕೆ ಮುನ್ನೂರಿಪ್ಪತ್ತು. ಅವಳ ಬೆರಳುಗಳು ನನ್ನವಕ್ಕಿಂತ ವೇಗವಾಗಿ ಓಡುತ್ತಿದ್ದವು. ಅದನ್ನೂ ನಾನು ಗಮನಿಸದೆ ಬಿಡಲಿಲ್ಲ.

ಒಂಬತ್ತಕ್ಕೆ ಸರ್ ಬಂದು ಕೂತರು. ಚಿತ್ರಗಳ ವಿಭಾಗ ಇನ್ನೂರರಿಂದ ಇನ್ನೂರಿಪ್ಪತ್ತಾಯಿತು. “ಕಾಂಪೌಂಡ್ ಒಡೆದು ಕಟ್ಟಿದ್ರಾ?” ಎಂದರು. “ಸರಿಸಿದ್ವಿ ಸರ್” ಎಂದಳು ಅವಳು. ನಾನು ಹಿಂದಿನ ದಿನ ನಡೆದದ್ದನ್ನು ಸರ್‌ಗೂ ಹೇಳಿದೆ. ಉಸ್ತುವಾರಿಯನ್ನು ಅವಳಿಗೇ ಕೊಡಿ, ನೋಟು ಮಾತ್ರ ಇಬ್ಬರೂ ಸೇರಿ ಬರೆಯುತ್ತೇವೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನೀವಾ ಮೇಡಂ?” ಎಂದಷ್ಟೇ ಹೇಳಿ ಎದ್ದರು. ಬಾಗಿಲ ಬಳಿ ನಿಂತು, “ಅಂಗೇ ಆಗ್ಲಿ” ಎಂದರು.

ಹತ್ತು ಗಂಟೆಗೆ ಮೇಲಿನಿಂದ ಚಿತ್ರಗಳು ಬರತೊಡಗಿದವು. ಅವಳು ಅದನ್ನು ನೋಡುತ್ತಿದ್ದಳು. ನಾನು ನನ್ನ ಚಳಿಯ ಮೇಜಿನಲ್ಲಿ ಕೂತು ನೋಟಿನ ಮೊದಲ ಪುಟ ಶುರುಮಾಡಿದೆ. ‘ಬಿಚ್ಚಿ ಕಟ್ಟಬೇಕಾದ ಹಳೆಯ ಗೆಸ್ಟ್‌ಗಳು’ ಎಂದು ತಲೆಬರಹ ಬರೆದು, ಮೊದಲ ಸಾಲಿನಲ್ಲಿ ರಿಪೋರ್ಟ್ ಸರ್ವರ್ ಹಾಕಿದೆ. ಕಾರಣದ ಅಂಕಣದಲ್ಲಿ, ಉಳಿದ ಜಾಗವನ್ನೆಲ್ಲ ಹೋಮ್‌ಗೆ ಕೊಡಲಾಗಿದೆ ಎಂದು ಬರೆದೆ. ಕಟ್ಟಿದವರು ಯಾರು ಎಂಬ ಅಂಕಣ ಮೊದಲು ಇರಲಿಲ್ಲ. ಪಕ್ಕದಲ್ಲಿ ಗೆರೆ ಎಳೆದು ಅದನ್ನೂ ಸೇರಿಸಿ, ನನ್ನ ಹೆಸರು ಬರೆದು, ಕಾಗದವನ್ನು ಅವಳ ಮೇಜಿಗೆ ತೆಗೆದುಕೊಂಡು ಹೋಗಿ ಕೊಟ್ಟೆ.